ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊ: ಕೈಗಡಿಯಾರ ತಿರುಗಿಸದೆ ಪ್ರಯಾಣದ ಗಂಟೆ ಎಣಿಸುವುದು

ಟಿಕೆಟಿಂಗ್ ತರಬೇತಿಯಲ್ಲಿ ನಮಗೆ ಕೊಟ್ಟ ಅಭ್ಯಾಸದಲ್ಲಿ ಇದ್ದದ್ದು ಎರಡೇ ಕಾಗದ: ಒಂದು ಬೋರ್ಡಿಂಗ್ ಪಾಸ್, ಇನ್ನೊಂದು ಇಟಿನರರಿಯ ಸ್ಕ್ರೀನ್‌ಶಾಟ್. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್ ಮಾರ್ಗವಾಗಿ ಸ್ಯಾನ್ ಫ್ರಾನ್ಸಿಸ್ಕೊ ತಲುಪಲು ಒಟ್ಟು ಎಷ್ಟು ಹೊತ್ತು ಬೇಕು, ನಡುವೆ ಮುಂದಿನ ವಿಮಾನಕ್ಕಾಗಿ ಕಾಯುವ ಲೇಓವರ್ ಎಷ್ಟು ಎಂಬುದು ಪ್ರಶ್ನೆ. ನನ್ನ ಉತ್ತರ ಸರಿಯಾಗಿ ಒಂದು ಗಂಟೆ ತಪ್ಪಿತ್ತು. ಆ ಒಂದು ಗಂಟೆ ಎಲ್ಲಿಂದ ಬಂತೆಂದು ಹುಡುಕಲು ಒಂದು ಸಂಜೆಯೇ ಹಿಡಿದದ್ದರಿಂದ, ಮರೆಯುವ ಮುನ್ನ ಬರೆದಿಡುತ್ತಿದ್ದೇನೆ. ಸ್ಕ್ರೀನ್‌ಶಾಟಿನಲ್ಲಿದ್ದ ವಿವರ ಹೀಗಿತ್ತು:

```
20 Mar 2026   BLR 03:20 → FRA 08:40
20 Mar 2026   FRA 13:10 → SFO 16:40
```

ಇಲ್ಲಿರುವ ನಾಲ್ಕು ಸಮಯಗಳೂ ಆಯಾ ಊರಿನ ಗೋಡೆಗಡಿಯಾರದ ಸಮಯಗಳು. ಬೋರ್ಡಿಂಗ್ ಪಾಸಿನಲ್ಲಿ ದೊಡ್ಡ ಅಕ್ಷರದಲ್ಲಿ ಕಾಣುವುದು ಬಹುಮಟ್ಟಿಗೆ ವಿಮಾನ ಹತ್ತಲು ಆರಂಭಿಸುವ ಸಮಯವೇ ಹೊರತು ಹೊರಡುವ ಸಮಯವಲ್ಲ. ತಲುಪುವ ಸಮಯವಂತೂ ಅನೇಕ ಪಾಸುಗಳಲ್ಲಿ ಇರುವುದೇ ಇಲ್ಲ. ಫ್ರಾಂಕ್‌ಫರ್ಟಿನ ಪಾಸಿನಲ್ಲಿದ್ದ 12:10 ಅನ್ನು ಹೊರಡುವ ಸಮಯವೆಂದು ಹಿಡಿದರೆ ಲೇಓವರ್ ಒಂದು ಗಂಟೆ ಕುಗ್ಗಿ ಹೋಗುತ್ತದೆ. ಆದ್ದರಿಂದ ಲೆಕ್ಕಕ್ಕೆ ಇಟಿನರರಿಯ ಸಮಯವನ್ನೇ ತೆಗೆದುಕೊಳ್ಳಬೇಕು. ಪಾಸಿನಿಂದ ದಿನಾಂಕವನ್ನೂ ವಿಮಾನದ ಸಂಖ್ಯೆಯನ್ನೂ ತಾಳೆ ನೋಡಿಕೊಂಡರೆ ಸಾಕು. ಇಟಿನರರಿಯ ಸಮಯಗಳು ವಿಮಾನವು ನಿಲ್ದಾಣದಲ್ಲಿ ತನ್ನ ಜಾಗ ಬಿಟ್ಟಾಗಿನಿಂದ ಮತ್ತೊಂದು ನಿಲ್ದಾಣದ ಜಾಗದಲ್ಲಿ ನಿಲ್ಲುವವರೆಗಿನವು. ಪೈಲಟ್ ಹೇಳುವ ಹಾರಾಟದ ಅವಧಿ ಇದಕ್ಕಿಂತ ಕಡಿಮೆ ಇರುವುದಕ್ಕೆ ಅದೇ ಕಾರಣ.

ಲೇಓವರಿನ ಲೆಕ್ಕ ಸುಲಭ. ಇಳಿಯುವುದೂ ಹೊರಡುವುದೂ ಒಂದೇ ಊರಿನ ಗಡಿಯಾರದಲ್ಲಿ ಇರುವುದರಿಂದ ಕಾಲವಲಯದ ಮಾತೇ ಬೇಡ: 08:40ರಿಂದ 13:10ರವರೆಗೆ ನಾಲ್ಕೂವರೆ ಗಂಟೆ. ಕ್ಯಾಲ್ಕುಲೇಟರಿನಲ್ಲಿ 1310ರಿಂದ 840 ಕಳೆದು 470 ಬಂತೆಂದು ಅದನ್ನು 5 ಗಂಟೆ 10 ನಿಮಿಷ ಮಾಡಿದವರು ನಮ್ಮಲ್ಲೇ ಇಬ್ಬರಿದ್ದರು. ದಶಕ ತೆಗೆದುಕೊಳ್ಳುವಾಗ ಇಲ್ಲಿ ನೂರರ ಬದಲು ಅರವತ್ತನ್ನು ತೆಗೆದುಕೊಳ್ಳಬೇಕು.

ಒಟ್ಟು ಅವಧಿಗೆ ಪುಸ್ತಕ ಹೇಳುವ ಕ್ರಮವೆಂದರೆ ಎಲ್ಲವನ್ನೂ ಯುಟಿಸಿಗೆ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಆಧಾರ ಸಮಯಕ್ಕೆ, ತಿರುಗಿಸುವುದು. ಕೂಡಬೇಕೋ ಕಳೆಯಬೇಕೋ ಎಂಬಲ್ಲೇ ನಾನು ಪ್ರತಿ ಬಾರಿ ಎಡವುತ್ತಿದ್ದೆ; ಅದರಲ್ಲೂ ಬೆಳಗಿನ ಜಾವದ 03:20ರಿಂದ ಐದೂವರೆ ಗಂಟೆ ಕಳೆದು ಹಿಂದಿನ ದಿನದ 21:50ಕ್ಕೆ ಹೋಗುವಾಗ ದಿನಾಂಕ ಕೈತಪ್ಪುತ್ತಿತ್ತು. ಈಗ ನಾನು ಬೇರೆ ದಾರಿ ಹಿಡಿದಿದ್ದೇನೆ. ಬೆಂಗಳೂರಿನಲ್ಲಿ ಕಟ್ಟಿಕೊಂಡ ಕೈಗಡಿಯಾರವನ್ನು ದಾರಿಯುದ್ದಕ್ಕೂ ತಿರುಗಿಸದ ಪ್ರಯಾಣಿಕರೊಬ್ಬರನ್ನು ಕಲ್ಪಿಸಿಕೊಳ್ಳುವುದು, ಅವರು ಇಳಿದಾಗ ಆ ಗಡಿಯಾರದಲ್ಲಿ ಎಷ್ಟಾಗಿರುತ್ತದೆ ಎಂದು ಕೇಳುವುದು. ಯುರೋಪ್ ಮತ್ತು ಅಮೆರಿಕದ ಊರುಗಳೆಲ್ಲ ನಮಗಿಂತ ಹಿಂದಿರುವುದರಿಂದ ಅಲ್ಲಿನ ಸಮಯಕ್ಕೆ ಯಾವಾಗಲೂ ಕೂಡುವುದೇ ಇರುತ್ತದೆ, ಕಳೆಯುವ ಪ್ರಶ್ನೆ ಏಳುವುದಿಲ್ಲ. ಸ್ಯಾನ್ ಫ್ರಾನ್ಸಿಸ್ಕೊ ನಮಗಿಂತ ಹನ್ನೆರಡೂವರೆ ಗಂಟೆ ಹಿಂದಿದ್ದರೆ ಅಲ್ಲಿನ 16:40 ಎಂದರೆ ನಮ್ಮ ಗಡಿಯಾರದಲ್ಲಿ ಮರುದಿನ 21ರ ಬೆಳಗಿನ 05:10. ಹೊರಟದ್ದು 20ರ 03:20ಕ್ಕೆ. ಹಾಗಾದರೆ ಒಟ್ಟು 25 ಗಂಟೆ 50 ನಿಮಿಷ. ಎರಡು ತುದಿ ಸಾಕು, ಫ್ರಾಂಕ್‌ಫರ್ಟ್ ಈ ಲೆಕ್ಕದೊಳಗೆ ಬರುವುದೇ ಇಲ್ಲ.

ಆದರೆ ನನಗೆ ಮೊದಲು ಬಂದ ಉತ್ತರ 26 ಗಂಟೆ 50 ನಿಮಿಷ. ಮಾರ್ಚ್ ತಿಂಗಳಲ್ಲಿ ಎರಡೂ ಕಡೆ ಇನ್ನೂ ಚಳಿಗಾಲದ ಸಮಯವೇ ಇರುತ್ತದೆಂದು ಭಾವಿಸಿ, ಸ್ಯಾನ್ ಫ್ರಾನ್ಸಿಸ್ಕೊಗೆ ಚಳಿಗಾಲದ ಅಂತರವಾದ ಹದಿಮೂರೂವರೆ ಗಂಟೆಯನ್ನು ಕೂಡಿದ್ದೆ. ಅಮೆರಿಕದವರು ಮಾರ್ಚ್‌ನ ಎರಡನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ, ಯುರೋಪಿನವರು ಕೊನೆಯ ಭಾನುವಾರ. 2026ರಲ್ಲಿ ಆ ದಿನಗಳು ಮಾರ್ಚ್ 8 ಮತ್ತು ಮಾರ್ಚ್ 29. ನಮ್ಮ ಪ್ರಯಾಣದ 20ನೇ ತಾರೀಖು ಇವೆರಡರ ನಡುವಿನ ಮೂರು ವಾರಗಳೊಳಗೆ ಬೀಳುತ್ತದೆ. ಆಗ ಸ್ಯಾನ್ ಫ್ರಾನ್ಸಿಸ್ಕೊ ಬೇಸಿಗೆ ಸಮಯದಲ್ಲಿದ್ದು ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ. ಫ್ರಾಂಕ್‌ಫರ್ಟ್ ಇನ್ನೂ ಚಳಿಗಾಲದ ಸಮಯದಲ್ಲಿದ್ದು ನಾಲ್ಕೂವರೆ ಗಂಟೆ ಹಿಂದೆ. ಆ ಎರಡು ಊರುಗಳ ನಡುವೆ ವರ್ಷದ ಬಹುಭಾಗ ಒಂಬತ್ತು ಗಂಟೆಯ ಅಂತರ, ಈ ಮೂರು ವಾರ ಮಾತ್ರ ಎಂಟು. ಶರತ್ಕಾಲದಲ್ಲೂ ಇಂಥದೇ ಒಂದು ವಾರ ಬರುತ್ತದೆ: ಯುರೋಪ್ ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರ ಹಿಂದಿಟ್ಟರೆ ಅಮೆರಿಕ ನವೆಂಬರ್‌ನ ಮೊದಲ ಭಾನುವಾರದವರೆಗೆ ಕಾಯುತ್ತದೆ. ಭಾರತ ಗಡಿಯಾರವನ್ನು ಹೀಗೆ ತಿರುಗಿಸುವುದಿಲ್ಲವಾದ್ದರಿಂದ, ನಮ್ಮೂರಿನಿಂದ ಇರುವ ಅಂತರ ಎಲ್ಲ ತಿಂಗಳೂ ಒಂದೇ ಎಂದು ನಾವು ಸುಲಭವಾಗಿ ನಂಬಿಬಿಡುತ್ತೇವೆ.

ಇಲ್ಲಿ ಇನ್ನೊಂದು ಸಂಗತಿ ನನ್ನನ್ನು ಬಹಳ ಹೊತ್ತು ಗೊಂದಲದಲ್ಲಿ ಇಟ್ಟಿತ್ತು. ಪಕ್ಕದಲ್ಲಿ ಕುಳಿತಿದ್ದ ಸಹಪಾಠಿ ಎರಡೂ ಊರುಗಳಿಗೆ ಬೇಸಿಗೆ ಸಮಯ ಹಿಡಿದಿದ್ದರು. ಫ್ರಾಂಕ್‌ಫರ್ಟಿನ ವಿಷಯದಲ್ಲಿ ಅದು ತಪ್ಪಾಗಿದ್ದರೂ ಅವರ ಒಟ್ಟು ಮೊತ್ತ ಸರಿಯಾಗಿಯೇ ಬಂದಿತ್ತು. ಬಿಡಿಸಿ ನೋಡಿದರೆ ಕಾರಣ ಕಾಣುತ್ತದೆ: ಫ್ರಾಂಕ್‌ಫರ್ಟಿನ ಅಂತರವನ್ನು ಒಂದು ಗಂಟೆ ತಪ್ಪಾಗಿ ಹಿಡಿದಾಗ ಮೊದಲ ಹಾರಾಟ 9:50ರ ಬದಲು 8:50 ಆಗುತ್ತದೆ, ಎರಡನೆಯದು 11:30ರ ಬದಲು 12:30 ಆಗುತ್ತದೆ, ಒಂದರಲ್ಲಿ ಕಳೆದದ್ದು ಇನ್ನೊಂದರಲ್ಲಿ ಸೇರಿಕೊಂಡು ಮೊತ್ತ ಅಲ್ಲೇ ನಿಲ್ಲುತ್ತದೆ. ಹಾಗಾಗಿ ಮೊತ್ತ ತಾಳೆಯಾಯಿತೆಂದ ಮಾತ್ರಕ್ಕೆ ಹಾರಾಟಗಳ ಅವಧಿಯೂ ಸರಿಯೆಂದು ಹೇಳಲಾಗದು. ಅವನ್ನು ಬಿಡಿಬಿಡಿಯಾಗಿಯೇ ನೋಡಬೇಕು.

ಲೇಓವರಿಗೆ ಕಾಲವಲಯ ಬೇಡ ಎಂದ ಮಾತಿಗೂ ಒಂದು ಅಪವಾದ ಇದೆ. ಮಾರ್ಚ್ 28ರ ರಾತ್ರಿ ಹತ್ತಕ್ಕೆ ಫ್ರಾಂಕ್‌ಫರ್ಟಿನಲ್ಲಿ ಇಳಿದು 29ರ ಬೆಳಗಿನ ಒಂಬತ್ತಕ್ಕೆ ಹೊರಡುವವರಿಗೆ ಸಿಗುವುದು ಹನ್ನೊಂದರ ಬದಲು ಹತ್ತೇ ಗಂಟೆ, ಏಕೆಂದರೆ ಆ ರಾತ್ರಿ ಎರಡು ಗಂಟೆಯಾದೊಡನೆ ಗಡಿಯಾರವನ್ನು ಮೂರಕ್ಕೆ ಇಡುತ್ತಾರೆ.

ಮರುಪ್ರಯಾಣದ ಅಭ್ಯಾಸದಲ್ಲಿ ನಾವೆಲ್ಲ ಬೆಚ್ಚಿದ್ದು +2 ಎಂಬ ಪುಟ್ಟ ಗುರುತನ್ನು ನೋಡಿ. ಏಪ್ರಿಲ್ 5ರಂದು ಸ್ಯಾನ್ ಫ್ರಾನ್ಸಿಸ್ಕೊ ಬಿಡುವುದು 14:30ಕ್ಕೆ, ಬೆಂಗಳೂರು ತಲುಪುವುದು 01:30 +2, ಅಂದರೆ 7ನೇ ತಾರೀಖು. ಎರಡು ದಿನ ವಿಮಾನದಲ್ಲೇ ಕಳೆಯಬೇಕೇನೋ ಎನ್ನಿಸುತ್ತದೆ. ತಿರುಗಿಸದ ಗಡಿಯಾರದಲ್ಲಿ ನೋಡಿದರೆ ಹೊರಡುವುದು 6ರ 03:00ಕ್ಕೆ, ತಲುಪುವುದು 7ರ 01:30ಕ್ಕೆ: 22 ಗಂಟೆ 30 ನಿಮಿಷ, ಒಂದು ದಿನವೂ ಪೂರ್ತಿಯಾಗಲಿಲ್ಲ. +2 ಹೇಳುವುದು ಕ್ಯಾಲೆಂಡರಿನ ತಾರೀಖನ್ನು ಮಾತ್ರ. ಸ್ಕ್ರೀನ್‌ಶಾಟ್ ಅಂಚಿನಲ್ಲಿ ಕತ್ತರಿಸಿಹೋದಾಗ ಮೊದಲು ಮಾಯವಾಗುವುದೂ ಈ ಗುರುತೇ. ಕೆಲವು ಇಟಿನರರಿಗಳಲ್ಲಿ ಅದನ್ನು ಇಡೀ ಪ್ರಯಾಣದ ಮೊದಲ ದಿನದಿಂದ ಎಣಿಸಿದರೆ ಇನ್ನು ಕೆಲವುಗಳಲ್ಲಿ ಆ ಒಂದು ಹಾರಾಟದ ದಿನದಿಂದ ಎಣಿಸಿರುತ್ತಾರೆ. ಆದ್ದರಿಂದ ಪ್ರತಿ ಹಾರಾಟದ ಪಕ್ಕದಲ್ಲೂ ತಾರೀಖನ್ನು ಕೈಯಿಂದ ಬರೆದುಕೊಂಡೇ ಲೆಕ್ಕಕ್ಕೆ ಇಳಿಯುವುದು ಕ್ಷೇಮ.

ಸ್ಕ್ರೀನ್‌ಶಾಟಿನ ಮೇಲ್ಭಾಗದಲ್ಲಿ ಒಟ್ಟು ಅವಧಿ ಅಚ್ಚಾಗಿದ್ದರೆ ನಮ್ಮ ಉತ್ತರವನ್ನು ಅದರೊಡನೆ ಹೋಲಿಸಬಹುದು. ತಾಳೆಯಾಗದಿದ್ದಾಗ ನಾನು ಮೊದಲು ನೋಡುವುದು ವ್ಯತ್ಯಾಸ ಎಷ್ಟೆಂಬುದನ್ನು. ಸರಿಯಾಗಿ ಒಂದು ಗಂಟೆಯಾದರೆ ಬೇಸಿಗೆ ಸಮಯದ ತಪ್ಪು ಅಥವಾ ಹತ್ತುವ ಸಮಯವನ್ನು ಹೊರಡುವ ಸಮಯವೆಂದು ಹಿಡಿದದ್ದು. ಇಪ್ಪತ್ತನಾಲ್ಕು ಗಂಟೆಯಾದರೆ ತಾರೀಖಿನದು. ಅರ್ಧ ಗಂಟೆಯಾದರೆ ಭಾರತದ ಐದೂವರೆಯಲ್ಲಿನ ಆ ಅರೆಯನ್ನು ಬಿಟ್ಟದ್ದು. ನಲವತ್ತು ನಿಮಿಷವಾದರೆ ಅರವತ್ತರ ಬದಲು ನೂರನ್ನು ದಶಕವಾಗಿ ತಂದದ್ದು.