ಕಾಫಿ ಪುಡಿ ಅಂಗಡಿಯ ಚಾಟ್‌ಬಾಟ್ ಮೊದಲು ಏನು ಹೇಳಬೇಕು?

ಚಿಕ್ಕಮಗಳೂರಿನ ಒಂದು ಕಾಫಿ ಪುಡಿ ಅಂಗಡಿಯನ್ನು ಊಹಿಸಿಕೊಳ್ಳೋಣ. ಬೆಂಗಳೂರು, ಮೈಸೂರಿನ ಗಿರಾಕಿಗಳು ಈಗ ವಾಟ್ಸ್‌ಆ್ಯಪ್‌ನಲ್ಲೇ ಪುಡಿ ತರಿಸಿಕೊಳ್ಳುತ್ತಾರೆ. ಗಲ್ಲಾದಲ್ಲಿ ಕೂತವರಿಗೆ ಎಲ್ಲರಿಗೂ ಉತ್ತರ ಬರೆಯುವಷ್ಟು ಪುರುಸೊತ್ತಿಲ್ಲದ ಕಾರಣ ಅಲ್ಲಿ ಒಂದು ಚಾಟ್‌ಬಾಟ್ ಇಟ್ಟಿದ್ದಾರೆ. ಗಿರಾಕಿ ಮೊದಲ ಸಲ ಸಂದೇಶ ಕಳಿಸಿದಾಗ ಬರುವ ಸ್ವಾಗತ ಹೀಗಿದೆ:

“ಹಾಯ್! ನಾನು ಕಾವ್ಯ. ನೀವು ಬಂದದ್ದು ತುಂಬಾ ಖುಷಿಯಾಯಿತು! ಇವತ್ತು ನಿಮಗೆ ಏನು ಬೇಕಾದರೂ ಕೇಳಿ, ನಾನಿದ್ದೇನೆ.”

ಓದಲು ಹಿತವಾಗಿಯೇ ಇರುವ ಈ ಸ್ವಾಗತಕ್ಕೆ ಗಿರಾಕಿ ಏನು ಬರೆಯುತ್ತಾರೆ ಎಂಬುದನ್ನು ಗಮನಿಸಬೇಕು. “ಹೋದ ತಿಂಗಳು ಕೊಟ್ಟಿದ್ರಲ್ಲ ಕಾವ್ಯ ಅವರೇ, ಅದೇ ಪುಡಿ ಅರ್ಧ ಕೆಜಿ ಕಳಿಸಿ, ಆದರೆ ಆ ಸಲ ಸ್ವಲ್ಪ ಕಹಿ ಇತ್ತು.” ಗಲ್ಲಾದಲ್ಲಿ ಕೂತವರಿಗೆ ಈ ಮಾತು ಸಾಕು. ಗಿರಾಕಿಯ ಮುಖ ನೆನಪಾಗುತ್ತದೆ, ಅವರು ಒಯ್ದದ್ದು ಯಾವ ಮಿಶ್ರಣವೆಂದು ಹೊಳೆಯುತ್ತದೆ, ಕಹಿಯಾಗಿದ್ದು ಹುರಿದದ್ದು ಹೆಚ್ಚಾದುದರಿಂದಲೋ ಚಿಕೋರಿ ಹೆಚ್ಚಾದುದರಿಂದಲೋ ಎಂದು ಕೇಳಲೂ ಬರುತ್ತದೆ. ಹಳೆಯ ಬಿಲ್ಲುಗಳನ್ನು ನೋಡುವ ವ್ಯವಸ್ಥೆಯಿಲ್ಲದ ಯಂತ್ರಕ್ಕೆ ಇದೇ ವಾಕ್ಯ ಬಿಡಿಸಲಾಗದ ಗಂಟು. “ಕಾವ್ಯ” ಎಂಬ ಹೆಸರೂ “ಏನು ಬೇಕಾದರೂ” ಎಂಬ ಆಹ್ವಾನವೂ ಸೇರಿ, ತನ್ನಿಂದ ಆಗದ ಪ್ರಶ್ನೆಯನ್ನೇ ಯಂತ್ರ ಕೇಳಿ ಪಡೆದಂತಾಯಿತು. ಸ್ವಾಗತ ಸಂದೇಶದ ನಿಜವಾದ ಕೆಲಸ ಗಿರಾಕಿಯ ಮುಂದಿನ ವಾಕ್ಯವನ್ನು ರೂಪಿಸುವುದು ಎಂದು ನಾನು ಹೇಳುವುದು ಇದೇ ಕಾರಣಕ್ಕೆ.

ಯಂತ್ರವೆಂದು ಹೇಳಿಬಿಟ್ಟರೆ ಆತ್ಮೀಯತೆ ಹೋಗುತ್ತದೆ ಎಂಬ ಭಯ ಅಂಗಡಿಯವರಲ್ಲಿ ಸಹಜವಾಗಿಯೇ ಇರುತ್ತದೆ. ಈ ವಿಷಯದಲ್ಲಿ ಹಳೆಯ ಪ್ರಯೋಗಗಳು ನೆರವಿಗೆ ಬರುತ್ತವೆ. ಅಮೆರಿಕದ ಎಂಐಟಿಯಲ್ಲಿ ಜೋಸೆಫ್ ವೈಜೆನ್‌ಬಾಮ್ ಅವರು 1966ರಲ್ಲಿ ಎಲೈಜಾ ಎಂಬ ಪ್ರೋಗ್ರಾಂ ಬಗ್ಗೆ ಬರೆದರು. ಎದುರಿನವರ ವಾಕ್ಯದಲ್ಲಿ ಒಂದು ಮುಖ್ಯ ಪದ ಹುಡುಕಿ, ಆ ವಾಕ್ಯವನ್ನೇ ತಿರುಗಿಸಿ ಪ್ರಶ್ನೆಯಾಗಿ ಕೇಳುವುದಷ್ಟೇ ಅದರ ಕೆಲಸವಾಗಿತ್ತು. ಅದನ್ನು ಕಟ್ಟುವುದನ್ನು ತಿಂಗಳುಗಟ್ಟಲೆ ಕಣ್ಣಾರೆ ಕಂಡಿದ್ದ ಅವರ ಕಾರ್ಯದರ್ಶಿಯೇ, ಅದರೊಡನೆ ಕೆಲವು ಮಾತು ಆಡಿದ ಮೇಲೆ, ತನ್ನನ್ನು ಕೋಣೆಯಿಂದ ಸ್ವಲ್ಪ ಹೊತ್ತು ಹೊರಗೆ ಹೋಗುವಂತೆ ಕೇಳಿಕೊಂಡರೆಂದು ವೈಜೆನ್‌ಬಾಮ್ ದಾಖಲಿಸಿದ್ದಾರೆ. ಸ್ಟ್ಯಾನ್‌ಫರ್ಡ್‌ನ ಕ್ಲಿಫರ್ಡ್ ನ್ಯಾಸ್ ಮತ್ತು ಸಂಗಡಿಗರು 1990ರ ದಶಕದಲ್ಲಿ ಇನ್ನೊಂದು ಬಗೆಯಲ್ಲಿ ಇದನ್ನೇ ತೋರಿಸಿದರು: ಒಂದು ಕಂಪ್ಯೂಟರ್ “ನಾನು ಕೆಲಸ ಹೇಗೆ ಮಾಡಿದೆ” ಎಂದು ತಾನೇ ಕೇಳಿದಾಗ ಜನ ಒಳ್ಳೆಯ ಮಾತು ಹೇಳುತ್ತಾರೆ; ಅದೇ ಪ್ರಶ್ನೆ ಪಕ್ಕದ ಕಂಪ್ಯೂಟರಿನಿಂದ ಬಂದರೆ ಅಷ್ಟು ಉದಾರವಾಗಿರುವುದಿಲ್ಲ. ಎದುರಿಗಿರುವುದು ಯಂತ್ರವೆಂದು ಗೊತ್ತಿದ್ದೂ ನಾವು ದಾಕ್ಷಿಣ್ಯ ಬಿಡುವುದಿಲ್ಲ. ಹೀಗಿರುವಾಗ ಸೌಜನ್ಯದ ಮಾತು ಗಿರಾಕಿಯ ಮನಸ್ಸಿಗೆ ಮುಟ್ಟಲು ಸುಳ್ಳು ಹೆಸರಿನ ಅಗತ್ಯ ಬೀಳುವುದಿಲ್ಲ.

ಇದಕ್ಕೆ ವಿರುದ್ಧವಾಗಿ ಕಾಣುವ ಒಂದು ಸಾಕ್ಷ್ಯವನ್ನೂ ಇಲ್ಲಿ ಹೇಳಬೇಕು. 2019ರಲ್ಲಿ ಪ್ರಕಟವಾದ, 6,200ಕ್ಕೂ ಹೆಚ್ಚು ಗ್ರಾಹಕರ ಮೇಲೆ ನಡೆದ ಅಧ್ಯಯನವೊಂದರಲ್ಲಿ, ಮಾತಿನ ಆರಂಭದಲ್ಲೇ “ಇದು ಯಂತ್ರ” ಎಂದು ತಿಳಿಸಿದಾಗ ಖರೀದಿಯ ಪ್ರಮಾಣ ಸುಮಾರು ಶೇ 80ರಷ್ಟು ಕುಸಿದಿತ್ತು. ಆದರೆ ಅದು ಹಣಕಾಸು ಕಂಪನಿಯೊಂದು ತಾನಾಗಿ ಗ್ರಾಹಕರಿಗೆ ಕರೆ ಮಾಡಿ ಮಾರಾಟಕ್ಕೆ ಯತ್ನಿಸಿದ ಸಂದರ್ಭ. ಕೇಳದೆ ಬಂದ ಕರೆಯನ್ನು ಮುಗಿಸಲು ಜನಕ್ಕೆ ಒಂದು ನೆಪ ಸಾಕು. ಅರ್ಧ ಕೆಜಿ ಪುಡಿಯ ದರ ತಿಳಿಯಲೆಂದು ತಾವಾಗಿಯೇ ಬಂದ ಗಿರಾಕಿಗೆ ಬೇಕಾಗಿರುವುದು ದರ. ಆ ಶೇಕಡಾವಾರನ್ನು ಹಾಗೆಯೇ ತಂದು ಇಲ್ಲಿಗೆ ಅನ್ವಯಿಸುವುದು ಸರಿಯಾಗದು.

ಈಗ ಸ್ವಾಗತವನ್ನು ತಿದ್ದಿ ಬರೆಯೋಣ:

“ನಮಸ್ಕಾರ. ಇದು ನಮ್ಮ ಅಂಗಡಿಯ ಚಾಟ್‌ಬಾಟ್, ತಾನಾಗಿ ಉತ್ತರ ಕೊಡುತ್ತದೆ. ಇವತ್ತಿನ ದರ, ಯಾವ ಪುಡಿಯಲ್ಲಿ ಎಷ್ಟು ಚಿಕೋರಿ ಇದೆ, ನಿಮ್ಮ ಪಾರ್ಸೆಲ್ ಎಲ್ಲಿಗೆ ಬಂತು, ಇವನ್ನು ಇಲ್ಲೇ ಕೇಳಬಹುದು. ಹಿಂದೆ ಕೊಂಡ ಪುಡಿಯೇ ಬೇಕಿದ್ದರೆ ಪೊಟ್ಟಣದ ಮೇಲಿರುವ ಹೆಸರು ಬರೆಯಿರಿ. ರುಚಿಯಲ್ಲಿ ವ್ಯತ್ಯಾಸ ಕಂಡಿದ್ದರೆ ದಯವಿಟ್ಟು ತಿಳಿಸಿ, ಅದನ್ನು ಅಂಗಡಿಯವರೇ ಓದಿ ಉತ್ತರಿಸುತ್ತಾರೆ.”

ಹೆಸರು ಹೋಯಿತು, ಖುಷಿಯ ಘೋಷಣೆ ಹೋಯಿತು, ಆದರೂ ಈ ಬರಹ ಹೆಚ್ಚು ಮನುಷ್ಯಸಹಜವಾಗಿದೆ ಎಂದೇ ನನ್ನ ಅಭಿಪ್ರಾಯ. ಗಿರಾಕಿಗೆ ಚಿಕೋರಿಯ ಪ್ರಮಾಣದ ಬಗ್ಗೆ ಅನುಮಾನವಿರುತ್ತದೆ, ಕಳೆದ ಸಲದ ಪುಡಿಯ ಹೆಸರು ಮರೆತಿರುತ್ತದೆ, ದೂರು ಹೇಳಲು ಸಂಕೋಚವಿರುತ್ತದೆ ಎಂಬುದನ್ನು ಬಲ್ಲ ಒಬ್ಬರು ಇದನ್ನು ಕೂತು ಬರೆದಿದ್ದಾರೆಂಬುದು ಓದಿದವರಿಗೆ ತಿಳಿಯುತ್ತದೆ. “ಕೊಡುತ್ತದೆ” ಎಂಬ ಕ್ರಿಯಾಪದವೂ ಇಲ್ಲಿ ಪ್ರಾಮಾಣಿಕವಾಗಿ ಕೆಲಸ ಮಾಡುತ್ತಿದೆ: ಯಂತ್ರ ಮಾಡುವುದು ನಪುಂಸಕ ಲಿಂಗದಲ್ಲಿ, ಅಂಗಡಿಯವರು ಮಾಡುವುದು “ಉತ್ತರಿಸುತ್ತಾರೆ” ಎಂದು ಬಹುವಚನದಲ್ಲಿ ಬಂದಾಗ, ಯಾವುದು ಯಾರ ಕೆಲಸ ಎಂಬುದು ವಿವರಣೆಯಿಲ್ಲದೆ ಸ್ಪಷ್ಟವಾಗುತ್ತದೆ. “ನಾನು” ಎಂದು ಬರೆದರೆ ಅಪರಾಧವೇನೂ ಅಲ್ಲ, ಆದರೆ “ನಾನೇ ಆರಿಸಿ ಹುರಿಸಿದ್ದು” ಎಂಬ ಮಾತಿಗೆ ಅಲ್ಲಿಂದ ಒಂದೇ ಹೆಜ್ಜೆ.

ಸಂದೇಶದ ಕೆಳಗೆ ಬರುವ ಬಟನ್‌ಗಳಲ್ಲಿ ಕನ್ನಡಕ್ಕೆ ಒಂದು ವಿಶೇಷ ತೊಡಕಿದೆ. ಇಂಥ ವಾಟ್ಸ್‌ಆ್ಯಪ್ ಸಂದೇಶಕ್ಕೆ ಗರಿಷ್ಠ ಮೂರು ಉತ್ತರ ಬಟನ್‌ಗಳು, ಒಂದೊಂದರಲ್ಲಿ 20 ಸಂಕೇತಗಳಷ್ಟೇ ಬರಹ. “ಅಂಗಡಿಯವರೊಂದಿಗೆ ಮಾತನಾಡಿ” ಎಂಬುದು ನಮ್ಮ ಕಣ್ಣಿಗೆ 12 ಅಕ್ಷರ. ಯೂನಿಕೋಡ್ ಲೆಕ್ಕದಲ್ಲಿ ಗುಣಿತದ ಚಿಹ್ನೆ, ಅನುಸ್ವಾರಗಳೆಲ್ಲ ಬೇರೆ ಬೇರೆ ಎಣಿಕೆಯಾಗಿ, ಖಾಲಿ ಜಾಗವೂ ಸೇರಿ, ಅದು 22 ಆಗಿ ಮಿತಿ ಮೀರುತ್ತದೆ. ಆಗ ಆತುರದಲ್ಲಿ ಆ ಬಟನ್ನನ್ನೇ ಕೈಬಿಡುವುದು ಅಥವಾ “ಇತರೆ” ಎಂದು ಬರೆದು ಮುಗಿಸುವುದು ನಡೆಯುತ್ತದೆ. ಮನುಷ್ಯರನ್ನು ತಲುಪುವ ದಾರಿ ಅಲ್ಲಿಗೆ ಮುಚ್ಚುತ್ತದೆ. “ಅಂಗಡಿಯವರಿಗೆ ತಿಳಿಸಿ” ಎಂದರೆ 18ರಲ್ಲಿ ಕೂರುತ್ತದೆ, ಅರ್ಥವೂ ಕೆಡುವುದಿಲ್ಲ.

ಸ್ವಾಗತ ಸರಿಯಿದೆಯೇ ಎಂದು ತಿಳಿಯಲು ಅದರ ಮರುಕ್ಷಣ ಗಿರಾಕಿಗಳು ಬರೆದ ಮೊದಲ ವಾಕ್ಯಗಳನ್ನು ಮಾತ್ರ ಸಾಲಾಗಿ ತೆಗೆದು ಓದಬೇಕು. “ಯಾರು ಮಾತಾಡ್ತಿರೋದು?” ಎಂಬ ಪ್ರಶ್ನೆ ಮತ್ತೆ ಮತ್ತೆ ಕಂಡರೆ ಪರಿಚಯದ ಸಾಲು ಸಾಲದಾಗಿದೆ. “ಹೋದ ಸಲದ್ದೇ” ಎಂಬ ಬೇಡಿಕೆ ಇನ್ನೂ ಬರುತ್ತಿದ್ದರೆ ಪೊಟ್ಟಣದ ಹೆಸರಿನ ಸಾಲನ್ನು ಮೇಲಕ್ಕೆ ತರಬೇಕು, ಅಥವಾ ಯಂತ್ರಕ್ಕೆ ಹಳೆಯ ಬಿಲ್ಲು ನೋಡುವ ಅವಕಾಶ ಕೊಡಬೇಕು. ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವವರೂ ಬಹಳ; “rate eshtu” ಎಂದು ಕೇಳಿದವರಿಗೆ ದರ ಸಿಗದಿದ್ದರೆ ಅದು ಸಂದೇಶದ ದೋಷವಲ್ಲ, ಒಳಗಿನ ವ್ಯವಸ್ಥೆಯದು.

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು “ಅಂಗಡಿಯವರೇ ಉತ್ತರಿಸುತ್ತಾರೆ” ಎಂಬ ಭರವಸೆಗೆ. ವಾಟ್ಸ್‌ಆ್ಯಪ್‌ನ ನಿಯಮದಂತೆ, ಗಿರಾಕಿಯ ಕೊನೆಯ ಸಂದೇಶದಿಂದ 24 ಗಂಟೆಯವರೆಗೆ ಮಾತ್ರ ವ್ಯಾಪಾರಿ ಚಾಟ್‌ಬಾಟ್ ವ್ಯವಸ್ಥೆಯ ಮೂಲಕ ಮುಕ್ತವಾಗಿ ಬರೆಯಬಹುದು. ಆಮೇಲೆ ಮೊದಲೇ ಒಪ್ಪಿಗೆ ಪಡೆದ ಮಾದರಿ ಸಂದೇಶಗಳನ್ನಷ್ಟೇ ಕಳಿಸಬಹುದು. ಭಾನುವಾರ ರಜೆಯಿರುವ ಅಂಗಡಿಗೆ ಶನಿವಾರ ರಾತ್ರಿ 9ಕ್ಕೆ ದೂರು ಬಂದರೆ, ಸೋಮವಾರ ಬಾಗಿಲು ತೆಗೆಯುವ ಹೊತ್ತಿಗೆ ಆ ಅವಧಿ ಮುಗಿದಿರುತ್ತದೆ. ಆದ್ದರಿಂದ ಶನಿವಾರ ಅಂಗಡಿ ಮುಚ್ಚಿದ ಮೇಲೆ ಸ್ವಾಗತದ ಕೊನೆಯ ಸಾಲು ಬದಲಾಗಬೇಕು: “ಈಗ ಅಂಗಡಿ ಮುಚ್ಚಿದೆ. ನಿಮ್ಮ ದೂರನ್ನು ಬರೆದಿಡಿ, ಸೋಮವಾರ ಬೆಳಿಗ್ಗೆ ಅಂಗಡಿಯವರು ಈ ನಂಬರಿಗೆ ಫೋನ್ ಮಾಡುತ್ತಾರೆ.” ಈ ಸಾಲನ್ನು ಹಾಕುವ ಮುನ್ನ, ಸೋಮವಾರ ಆ ಫೋನ್ ಯಾರು ಮಾಡುತ್ತಾರೆಂಬುದು ಅಂಗಡಿಯಲ್ಲಿ ತೀರ್ಮಾನವಾಗಿರಬೇಕು.