‘ma3’ ಒತ್ತಿದರೆ ಕುದುರೆ ಬರುವುದಿಲ್ಲ

ಚೀನೀ ಭಾಷೆ ಕಲಿಸುವ ನನಗೆ ಹೊಸ ಬ್ಯಾಚ್ ಶುರುವಾದಾಗಲೆಲ್ಲ ಒಂದು ಮೆಸೇಜ್ ತಪ್ಪದೆ ಬರುತ್ತದೆ. "ಮೇಡಂ, ಲ್ಯಾಪ್‌ಟಾಪ್‌ಗೆ ಹಾಕಿದ ಚೈನೀಸ್ ಕೀಬೋರ್ಡ್ ಸರಿ ಇಲ್ಲ ಅನ್ಸತ್ತೆ. ma3 ಅಂತ ಕರೆಕ್ಟಾಗೇ ಟೈಪ್ ಮಾಡಿದೆ, ಕುದುರೆ ಬರ್ಲೇ ಇಲ್ಲ." ಜೊತೆಗೊಂದು ಫೋಟೋ. ಅದರಲ್ಲಿ ಕುದುರೆ ಅನ್ನುವ 马 ಇರಬೇಕಾದ ಜಾಗದಲ್ಲಿ 嘛 ಅನ್ನುವ ಬೇರೆ ಅಕ್ಷರ ಕೂತಿರುತ್ತದೆ.

ಕೀಬೋರ್ಡ್ ಸರಿಯಾಗೇ ಇದೆ. ಅದು ಹೇಳಿದ್ದನ್ನೇ ಮಾಡಿದೆ. ma ಅಂತ ಒತ್ತಿದ ತಕ್ಷಣ ಪರದೆ ಮೇಲೆ ಒಂದು ಸಾಲು ಬಂದಿರುತ್ತದೆ: 1 吗, 2 妈, 3 嘛, 4 马... ಆಮೇಲೆ ನೀವು 3 ಒತ್ತಿದಿರಿ. ಅರ್ಥವನ್ನೇ ಬದಲಿಸುವ ದನಿಯ ಏರಿಳಿತಕ್ಕೆ ಟೋನ್ ಅನ್ನುತ್ತೇವೆ. ಪಾಠದಲ್ಲಿದ್ದ ಹಾಗೆ 3 ಅಂದರೆ ಮೂರನೇ ಟೋನ್ ಅಂತ ನೀವು ಅಂದುಕೊಂಡಿರಿ, ಮೂರನೇ ಅಕ್ಷರ ಕೊಡು ಅಂತ ಅದು ಅರ್ಥ ಮಾಡಿಕೊಂಡಿತು. ಹೋಟೆಲಿನಲ್ಲಿ ಮೆನು ನೋಡದೆ "ಮೂರನೇದು ಕೊಡಿ" ಅಂದ ಹಾಗೆ. ಈ ಸಾಲಿನ ಕ್ರಮ ಎಲ್ಲರ ಕಂಪ್ಯೂಟರ್‌ನಲ್ಲೂ ಒಂದೇ ಇರುವುದಿಲ್ಲ, ನಿಮ್ಮದರಲ್ಲೇ ನಾಳೆ ಬೇರೆ ಆಗಬಹುದು.

ನನಗೆ ಜಾಸ್ತಿ ತಲೆನೋವು ತರುವುದು ಅದೃಷ್ಟ ಚೆನ್ನಾಗಿರುವವರು. hao1 ಒತ್ತಿದರೆ 好 ಬರುತ್ತದೆ, ಯಾಕೆಂದರೆ ಅದು ಸಾಲಿನ ಮೊದಲನೇ ಅಕ್ಷರ. ಆದರೆ 好 ಮೂರನೇ ಟೋನ್. ಒಬ್ಬ ಹುಡುಗಿ ಎರಡು ತಿಂಗಳು hāo ಅಂತ ಒಂದನೇ ಟೋನಿನಲ್ಲೇ ಹೇಳುತ್ತಿದ್ದಳು. ಕೇಳಿದರೆ, "ಮಿಸ್, ಒಂದು ಒತ್ತಿದ್ರೇ ಬರೋದು" ಅಂದಳು.

ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ. ಸಾಮಾನ್ಯವಾಗಿ ನೀವು ಬಳಸುವ, ಚೀನೀ ಉಚ್ಚಾರವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತುವ ಪಿನ್‌ಯಿನ್ ಕೀಬೋರ್ಡ್‌ಗಳಲ್ಲಿ ಟೋನ್ ಹಾಕುವ ಹಾಗೇ ಇಲ್ಲ. ಬರೀ ಅಕ್ಷರ ಒತ್ತಬೇಕು. ಸ್ಪೇಸ್ ಒತ್ತಿದರೆ ಮೊದಲನೆಯದು ಬರುತ್ತದೆ, ಬೇರೆಯದು ಬೇಕಿದ್ದರೆ ಅದರ ನಂಬರ್ ಒತ್ತಬೇಕು. ತೈವಾನ್‌ನವರ ಝೂಯಿನ್ ಕೀಬೋರ್ಡ್‌ನಲ್ಲಿ ಮಾತ್ರ ಟೋನ್‌ಗೆ ಬೇರೆ ಕೀಗಳೇ ಇವೆ. ಅಲ್ಲಿ 3 ಅಂದರೆ ಮೂರನೇ ಟೋನ್, 4 ಅಂದರೆ ನಾಲ್ಕನೇದು, ಆದರೆ ಎರಡನೇ ಟೋನ್‌ಗೆ 6! ಅದನ್ನು ಕಲಿಯಲು ಹೊರಟವರಿಗೆ ನಾನು ಅಡ್ಡ ಬರುವುದಿಲ್ಲ.

ಟೋನ್ ಇಲ್ಲದೆ ಹೇಗೆ ಅರ್ಥವಾಗುತ್ತದೆ ಅಂತ ಕೇಳುವವರಿಗೆ ನಾನು ನಮ್ಮ ವಾಟ್ಸಾಪ್ ಕನ್ನಡ ತೋರಿಸುತ್ತೇನೆ. ಮನೆಯಿಂದ "bele jasti agide" ಅಂತ ಬಂದರೆ ಅದು ಬೆಲೆಯೋ, ಬೆಳೆಯೋ, ಬೇಳೆಯೋ? ಮುಂದೆ "sambar gatti" ಅಂತ ಇದ್ದರೆ ಬೇಳೆ. ಓದುವವರು ಸುತ್ತಲಿನ ಮಾತು ನೋಡಿ ಊಹಿಸುತ್ತಾರೆ. ಪಿನ್‌ಯಿನ್ ಕೀಬೋರ್ಡ್ ಮಾಡುವುದೂ ಅದನ್ನೇ. shi ಒಂದನ್ನೇ ಒತ್ತಿದರೆ ಪುಟಗಟ್ಟಲೆ ಅಕ್ಷರಗಳು ಬರುತ್ತವೆ, ಹುಡುಕಿ ಹುಡುಕಿ ಸಾಕಾಗುತ್ತದೆ. shijian ಅಂತ ಪೂರ್ತಿ ಪದ ಒತ್ತಿದರೆ 时间, 事件, 实践 ಅಂತ ನಾಲ್ಕಾರಕ್ಕೆ ಇಳಿಯುತ್ತದೆ. shijianbugou ಅಂತ ಮುಂದುವರಿಸಿದರೆ 时间不够, ಸಮಯ ಸಾಲದು, ಅಂತ ತಾನೇ ಮುಂದೆ ತಂದಿಡುತ್ತದೆ. ಹೊಸಬರು ಒಂದೊಂದೇ ಅಕ್ಷರ ಒತ್ತಿ, ಆರಿಸಿ, ಮತ್ತೆ ಒತ್ತುತ್ತಾರೆ. ಆ ಅಭ್ಯಾಸ ಬಿಡಿ. ಪದ ಪೂರ್ತಿ ಒತ್ತಿ.

ಹಾಗಾದರೆ ಪಾಠದಲ್ಲಿ ಟೋನ್‌ಗೆ ಸಂಖ್ಯೆ ಬರೆಯಬೇಕೋ, ಗುರುತು ಹಾಕಬೇಕೋ? mǎ ಮತ್ತು ma3 ಎರಡರಲ್ಲೂ ಇರುವ ಮಾಹಿತಿ ಒಂದೇ. 1958ರಲ್ಲಿ ಚೀನಾ ಸರ್ಕಾರ ಒಪ್ಪಿದ ಪಿನ್‌ಯಿನ್‌ನಲ್ಲಿ ಇರುವುದು ಗುರುತು. ಅಲ್ಲಿನ ಒಂದನೇ ತರಗತಿ ಮಕ್ಕಳು ಕಲಿಯುವುದೂ ಅದನ್ನೇ. ಆದರೆ ಸಂಖ್ಯೆ ಕಂಪ್ಯೂಟರ್‌ ಬಂದ ಮೇಲೆ ಹುಟ್ಟಿದ ಸೋಮಾರಿತನ ಅಲ್ಲ. ಅದಕ್ಕೂ ಹಿಂದಿನ ವೇಡ್-ಜೈಲ್ಸ್ ಪದ್ಧತಿಯಲ್ಲೇ ಟೋನ್‌ಗೆ ಸಣ್ಣ ಸಂಖ್ಯೆ ಬರೆಯುತ್ತಿದ್ದರು. ನಿಘಂಟಿನ ಆ್ಯಪ್‌ಗಳಲ್ಲಿ ಹುಡುಕಲು ಸಂಖ್ಯೆ ಬಹಳ ಅನುಕೂಲ. Pleco ದಲ್ಲಿ ma3 ಅಂತ ಹುಡುಕಿದರೆ ಕುದುರೆ ನಿಜಕ್ಕೂ ಬರುತ್ತದೆ. ಅಲ್ಲಿ ಬಂದದ್ದು ಇಲ್ಲೂ ಬರಲಿ ಅಂತ ಆಸೆಪಡುವುದರಿಂದಲೇ ಈ ಗೊಂದಲ ಹುಟ್ಟುವುದು ಅಂತ ನನ್ನ ಗುಮಾನಿ.

ಆದರೂ ಮೊದಲ ಆರು ತಿಂಗಳು ನೋಟ್‌ಬುಕ್‌ನಲ್ಲಿ ಗುರುತನ್ನೇ ಹಾಕಿ ಅಂತ ನಾನು ಹಟ ಮಾಡುತ್ತೇನೆ. ಗುರುತು ದನಿಯ ಚಿತ್ರ. ā ಮೇಲಿನ ಗೆರೆ ಮಟ್ಟಸವಾಗಿದೆ, ದನಿಯೂ ಎತ್ತರದಲ್ಲಿ ಹಾಗೇ ನಿಲ್ಲುತ್ತದೆ. á ಏರುತ್ತದೆ, à ಧಡಕ್ಕನೆ ಇಳಿಯುತ್ತದೆ, ǎ ಕೆಳಗೆ ಹೋಗಿ ಬರುತ್ತದೆ. 3 ಅನ್ನುವ ಅಂಕಿ ನೋಡಿದರೆ ಯಾವ ದನಿಯೂ ಕಿವಿಗೆ ಬರುವುದಿಲ್ಲ. ಅದನ್ನು ಮನಸ್ಸಿನಲ್ಲೇ ಬಿಡಿಸಬೇಕು. ಇನ್ನೊಂದು ತೊಂದರೆ ಅಂಕಿ ಕೂರುವ ಜಾಗ. ಗುರುತು ಸ್ವರದ ತಲೆ ಮೇಲೆ ಇರುತ್ತದೆ. ಅಂಕಿ ಕೊನೆಯಲ್ಲಿ. xiang3 ಅಂತ ಓದುವವರು ಮೊದಲು ಟೋನ್ ಇಲ್ಲದೆ xiang ಅಂದುಬಿಟ್ಟಿರುತ್ತಾರೆ, ಅಂಕಿ ಕಂಡಾಗ ದನಿಗೆ ಕೊನೆಯಲ್ಲೊಂದು ಬಾಲ ಸೇರಿಸುತ್ತಾರೆ. ಕಣ್ಣು ಮುಚ್ಚಿ ಕೇಳಿದರೂ ಇವರು ಸಂಖ್ಯೆ ನೋಡಿ ಕಲಿತವರು ಅಂತ ನನಗೆ ಎಷ್ಟೋ ಸಲ ಗೊತ್ತಾಗುತ್ತದೆ. ಎಲ್ಲರೂ ಹೀಗೇ ಅಂತ ಹೇಳಲಾರೆ. ಸಂಖ್ಯೆಯಲ್ಲೇ ಕಲಿತು ಸೊಗಸಾಗಿ ಮಾತಾಡುವವರೂ ಇದ್ದಾರೆ.

ಗುರುತು ಟೈಪ್ ಮಾಡುವವರಿಗೆ ಒಂದು ಸಣ್ಣ ಎಚ್ಚರಿಕೆ. ಮೂರನೇ ಟೋನ್ ǎ ಮೇಲಿನ ಗುರುತು ಬುಡದಲ್ಲಿ ಚೂಪಾಗಿರಬೇಕು. ಬುಡ ಗುಂಡಗಿರುವ ă ರೊಮೇನಿಯನ್ ಭಾಷೆಯ ಅಕ್ಷರ. ಕಣ್ಣಿಗೆ ಒಂದೇ ಥರ ಕಂಡರೂ ಕಂಪ್ಯೂಟರ್‌ಗೆ ಇವು ಬೇರೆ ಬೇರೆ. ಗುಂಡಗಿನದನ್ನು ಹಾಕಿ ಬರೆದಿಟ್ಟ ಪದಗಳ ಪಟ್ಟಿಯಲ್ಲಿ ಆಮೇಲೆ ಹುಡುಕಿದರೆ ಏನೂ ಸಿಗುವುದಿಲ್ಲ.

ಈಗ ನಿಜವಾದ ಅಪಾಯಕ್ಕೆ ಬರುತ್ತೇನೆ. ಕೀಬೋರ್ಡ್ ಟೋನ್ ಕೇಳುವುದಿಲ್ಲ ಅಂದಮೇಲೆ ನಿಮಗೆ ಟೋನ್ ಗೊತ್ತಿದೆಯೋ ಇಲ್ಲವೋ ಅಂತ ಅದು ಪರೀಕ್ಷೆಯನ್ನೂ ಮಾಡುವುದಿಲ್ಲ. ನನ್ನ ವಿದ್ಯಾರ್ಥಿಯೊಬ್ಬರಿಗೆ ಪೀಣ್ಯದಲ್ಲಿ ಸಣ್ಣದೊಂದು ವರ್ಕ್‌ಶಾಪ್ ಇದೆ. ಐವತ್ತು ದಾಟಿದವರು, ಬೇರಿಂಗ್ ತರಿಸುವುದು ಚೀನಾದಿಂದ. ಬಹಳ ಶ್ರದ್ಧೆ. ಒಂದು ದಿನ ಫೋನ್ ಮಾಡಿದರು: "ಮೇಡಂ, ನಾನು 500 ಬೇರಿಂಗ್ ಬೇಕು ಅಂತ ಬರೆದ್ರೆ, ನೀವು ಬೇರಿಂಗ್ ಮಾರ್ತೀರಾ ಅಂತ ಅವರು ನನ್ನನ್ನೇ ಕೇಳ್ತಿದಾರೆ."

ಕಳಿಸಿದ್ದು ಇದು: 我想卖500个轴承. ಬೇಕಿದ್ದದ್ದು 我想买500个轴承. ಒಂದೇ ಅಕ್ಷರದ ವ್ಯತ್ಯಾಸ. 买 mǎi ಅಂದರೆ ಕೊಳ್ಳು, 卖 mài ಅಂದರೆ ಮಾರು. ಅವರ ನೋಟ್‌ಬುಕ್ ತೆಗೆಸಿದೆ. ಕೊಳ್ಳು, mai3 ಅಂತ ಸರಿಯಾಗೇ ಇತ್ತು. ಹಾಗಾದರೆ ತಪ್ಪಿದ್ದೆಲ್ಲಿ?

ಹಿಂದಿನ ವಾರ ನಮ್ಮ ಪಾಠ ಅಂಗಡಿಯವನ ಸಂಭಾಷಣೆ. ಮನೆಗೆಲಸಕ್ಕೆ ಅಂತ ಅವರು 卖 ಇರುವ ವಾಕ್ಯ ಹತ್ತಿಪ್ಪತ್ತು ಟೈಪ್ ಮಾಡಿದ್ದರು. ಈ ಕೀಬೋರ್ಡ್‌ಗಳು ನೀವು ಆರಿಸಿದ್ದನ್ನು ನೆನಪಿಟ್ಟು ಮುಂದಿನ ಸಲ ಅದನ್ನೇ ಮುಂದೆ ತರುತ್ತವೆ. ಹಾಗಾಗಿ ಇವರು mai ಅಂತ ಒತ್ತಿದಾಗ ಸಾಲಿನ ಮೊದಲಲ್ಲಿ 卖 ಇತ್ತು. ಟೋನ್ ನಂಬರ್ ಒತ್ತಬೇಡಿ ಅಂತ ನಾನೇ ಬೈದಿದ್ದೆ, ಪಾಪ, ಸ್ಪೇಸ್ ಒತ್ತಿದರು. ಇಂಥ ತಪ್ಪನ್ನು ಗಮನಿಸದೆ ಬಿಟ್ಟರೆ ಅದೇ ಪಕ್ಕಾ ಆಗುತ್ತಾ ಹೋಗುತ್ತದೆ, ಯಾಕೆಂದರೆ ಪ್ರತಿ ಸಲ ಅದೇ ಮೊದಲು ಬರುತ್ತದೆ. ಇಂಥ ಕಡೆ ವಾಕ್ಯ ಪೂರ್ತಿ ಒತ್ತಿದರೂ ಖಾತ್ರಿ ಇಲ್ಲ. ಬೇರಿಂಗ್ ಕೊಳ್ಳುವವರೂ ಇದ್ದಾರೆ, ಮಾರುವವರೂ ಇದ್ದಾರೆ, ಸುತ್ತಲಿನ ಮಾತಿನಿಂದ ಯಾವುದು ಅಂತ ಅದಕ್ಕೆ ತಿಳಿಯುವುದಿಲ್ಲ.

ಅವರಿಗೆ ನಾನು ತೋರಿಸಿದ್ದು ಅಕ್ಷರದ ತಲೆ. 卖 ಅಂದರೆ 买 ಮೇಲೆ ಒಂದು 十. "ಓ, ಮಾರೋರ ತಲೆ ಮೇಲೆ ಬುಟ್ಟಿ" ಅಂದರು. ಇದು ಅಕ್ಷರದ ಇತಿಹಾಸ ಅಲ್ಲ, ಆದರೆ ಇಷ್ಟು ಚೆನ್ನಾದ ಗುರುತು ನನಗೂ ಹೊಳೆದಿರಲಿಲ್ಲ. ಈಗ ಎಲ್ಲ ಬ್ಯಾಚ್‌ನಲ್ಲೂ ಬುಟ್ಟಿ ಅಂತಲೇ ಹೇಳಿಕೊಡುತ್ತೇನೆ.

ಅವತ್ತಿನಿಂದ ಮನೆಗೆಲಸದ ಕ್ರಮ ಬದಲಾಯಿಸಿದೆ. ಮೊದಲು ವಾಕ್ಯವನ್ನು ಕೈಯಲ್ಲಿ ಗುರುತು ಸಮೇತ ಬರೆಯಬೇಕು: wǒ xiǎng mǎi. ಆಮೇಲೆ ನೋಟ್‌ಬುಕ್ ಮುಚ್ಚಿ ಟೋನ್ ಇಲ್ಲದೆ ಟೈಪ್ ಮಾಡಬೇಕು. ಮೂರನೆಯದಾಗಿ, ಪರದೆ ಮೇಲಿನ ಅಕ್ಷರ ಮಾತ್ರ ನೋಡಿ ಬೇರೆ ಹಾಳೆಯಲ್ಲಿ ಮತ್ತೆ ಗುರುತು ಸಮೇತ ಪಿನ್‌ಯಿನ್ ಬರೆಯಬೇಕು, ಗಟ್ಟಿಯಾಗಿ ಓದಿಕೊಂಡು. ಎರಡೂ ಹಾಳೆ ಪಕ್ಕದಲ್ಲಿ ಇಡಿ. ಮೊದಲಲ್ಲಿ mǎi, ಎರಡನೆಯದರಲ್ಲಿ mài ಇದ್ದರೆ ತಪ್ಪು ಅಕ್ಷರ ಆರಿಸಿದ್ದೀರಿ ಅಂತ ಅಲ್ಲೇ ಸಿಕ್ಕಿಬೀಳುತ್ತದೆ. ಎರಡನೇ ಹಾಳೆಯಲ್ಲಿ ಟೋನ್ ಬರೆಯಲು ಕೈ ತಡವರಿಸಿದರೆ, ಅಕ್ಷರ ನೋಟಕ್ಕೆ ಪರಿಚಯ ಇದೆ, ದನಿ ಇನ್ನೂ ಬಂದಿಲ್ಲ ಅಂತ ಅರ್ಥ. ಮೂರನೇ ಹೆಜ್ಜೆಯನ್ನು ಎಲ್ಲರೂ ಹಾರಿಸುತ್ತಾರೆ. ಹಾರಿಸಿದರೆ ಈ ಕಸರತ್ತೇ ದಂಡ.

ಸೆಟ್ಟಿಂಗ್ಸ್‌ನಲ್ಲಿ 模糊音 ಅಂತೊಂದು ಇದೆ. ಅದು ಆನ್ ಆಗಿದ್ದರೆ ಆಫ್ ಮಾಡಿ. z ಒತ್ತಿದರೆ zh ಅನ್ನೂ, n ಒತ್ತಿದರೆ ng ಅನ್ನೂ ಸೇರಿಸಿ ತೋರಿಸುವ ಸೌಲಭ್ಯ ಅದು. ಆ ದನಿಗಳನ್ನು ಬೆರೆಸಿ ಮಾತಾಡುವ ದಕ್ಷಿಣ ಚೀನಾದವರಿಗೆ ವರದಾನ. ಆದರೆ ಕಲಿಯುವವರಿಗೆ ತಪ್ಪು ಕಾಗುಣಿತಕ್ಕೆ ತಪ್ಪು ಅಕ್ಷರವೇ ಬರಬೇಕು, ಆಗಲೇ ಗೊತ್ತಾಗುವುದು.

ಕೊನೆಗೆ ಉಳಿಯುವುದು ü. ಪುಸ್ತಕದಲ್ಲಿ nǚ, ಹೆಣ್ಣು. ಕೆಲವು ನಿಘಂಟಿನ ಫೈಲ್‌ಗಳಲ್ಲಿ ಅದೇ nu:3. ಕೀಬೋರ್ಡ್‌ನಲ್ಲಿ ಮಾತ್ರ nv, ಯಾಕೆಂದರೆ ಪಿನ್‌ಯಿನ್‌ನಲ್ಲಿ v ಗೆ ಬೇರೆ ಕೆಲಸ ಇಲ್ಲ, ಆ ಕೀ ಖಾಲಿ ಇತ್ತು. nu ಒತ್ತಿದರೆ 怒 ಬರುತ್ತದೆ, ಅಂದರೆ ಕೋಪ. j, q, x, y ಆದಮೇಲೆ ಈ ರಗಳೆ ಇಲ್ಲ, ಸುಮ್ನೆ u ಒತ್ತಿದರೆ ಸಾಕು.

ಇದನ್ನು ಕ್ಲಾಸಿನಲ್ಲಿ ಹೇಳಿ ಮನೆಗೆ ಬಂದೆ. ರಾತ್ರಿ ಪೀಣ್ಯದವರ ಮೆಸೇಜ್: "ಮೇಡಂ, ಹಸಿರು ಅಂತ ಬರೀಬೇಕಿತ್ತು. ನೀವು ಹೇಳಿದ ಹಾಗೆ v ನೇ ಹಾಕಿದೆ. lv4 ಒತ್ತಿದ್ರೆ ಬೇರೆ ಏನೋ ಬರ್ತಿದೆ."