ಮಸಾಲೆ ಕಂಪನಿಗೆ ಬರೆದ ಇಮೇಲ್‌ಗೆ ಉತ್ತರವೇ ಇಲ್ಲ, ಏಕೆ?

ಪ್ರಶ್ನೆ: ನಾನು ಫ್ರೀಲ್ಯಾನ್ಸ್ ಡಿಸೈನರ್. ಒಂದು ಕುಟುಂಬ ನಡೆಸುವ ಮಸಾಲೆ ಪುಡಿ ಕಂಪನಿಗೆ, ಪ್ಯಾಕೆಟ್ ವಿನ್ಯಾಸ ಹೊಸದಾಗಿ ಮಾಡಿಕೊಡುತ್ತೇನೆ ಎಂದು ಪೋರ್ಟ್‌ಫೋಲಿಯೊ ಸಮೇತ ಇಮೇಲ್ ಕಳಿಸಿದೆ. ಉತ್ತರ ಬರಲಿಲ್ಲ. ಪರಿಚಯವಿಲ್ಲದವರಿಗೆ ಹೇಗೆ ಬರೆಯಬೇಕು?

ಉತ್ತರ: ನಿಮ್ಮ ಇಮೇಲ್‌ನಲ್ಲಿ "ಪ್ಯಾಕೆಟ್ ಹಳೇ ಕಾಲದ್ದಾಗಿ ಕಾಣುತ್ತದೆ" ಎಂಬರ್ಥದ ಸಾಲಿದ್ದರೆ ಮೊದಲು ಅದನ್ನು ಅಳಿಸಿ. ಆ ಬಣ್ಣ, ಆ ಚಿತ್ರ ಮನೆಯ ಹಿರಿಯರೇ ಆರಿಸಿದ್ದಿರಬಹುದು. ಇಮೇಲ್ ತೆರೆಯುವವರು ಮಗಳೋ ಅಳಿಯನೋ ಲೆಕ್ಕ ನೋಡುವವರೋ ಆಗಿದ್ದು, ತೀರ್ಮಾನ ಮಾತ್ರ ಆ ಹಿರಿಯರದ್ದೇ ಇರುತ್ತದೆ. ಅವರ ಮುಂದೆ ಮೊಬೈಲ್ ಹಿಡಿದು ಮುಜುಗರವಿಲ್ಲದೆ ಓದಿ ಹೇಳುವಂತಿರಬೇಕು ನಿಮ್ಮ ಬರಹ.

ಮುಜುಗರಕ್ಕಿಂತ ದೊಡ್ಡದು ಖರ್ಚಿನ ಭಯ. ಪುಡಿ ತುಂಬುವ ಪ್ಯಾಕೆಟ್‌ಗಳನ್ನು ಹೆಚ್ಚಾಗಿ ಗ್ರಾವ್ಯೂರ್ ವಿಧಾನದಲ್ಲಿ ರೋಲ್ ಫಿಲಂ ಮೇಲೆ ಮುದ್ರಿಸುತ್ತಾರೆ. ಇದರಲ್ಲಿ ಪ್ರತಿ ಬಣ್ಣಕ್ಕೂ ಒಂದೊಂದು ಕೊರೆದ ಸಿಲಿಂಡರ್ ಬೇಕು. ವಿನ್ಯಾಸ ಪೂರ್ತಿ ಬದಲಾದರೆ ಸಿಲಿಂಡರ್‌ಗಳೂ ಪೂರ್ತಿ ಬದಲು, ಅದೂ ಪ್ರತಿ ಪುಡಿಗೆ, ಪ್ರತಿ ಅಳತೆಗೆ. ಜೊತೆಗೆ ಗೋದಾಮಿನಲ್ಲಿ ಹಳೇ ಮುದ್ರಣದ ರೋಲ್‌ಗಳು ಬಿದ್ದಿರುತ್ತವೆ. "ಹೊಸ ವಿನ್ಯಾಸ" ಎಂಬ ಮಾತು ಕೇಳಿದ ಕೂಡಲೇ ಮಾಲೀಕರ ತಲೆಯಲ್ಲಿ ಓಡುವುದು ಈ ಲೆಕ್ಕ. ಅದರ ಮೇಲೆ ನೀವು ಜಿಪ್ ಇರುವ, ನಿಲ್ಲುವ ಪೌಚ್‌ನ ಚಂದದ ಚಿತ್ರ ಕಳಿಸಿದರೆ ಕೆಲಸ ಇನ್ನೂ ಕೆಡುತ್ತದೆ: ದಿಂಬಿನಾಕಾರದ ಪ್ಯಾಕೆಟ್ ಮಾಡುವ ಅವರ ಯಂತ್ರದಲ್ಲಿ ಅದು ಆಗುವುದೇ ಇಲ್ಲ.

ಆದ್ದರಿಂದ ಇಡೀ ಬ್ರ್ಯಾಂಡ್ ಬಿಟ್ಟು, ಕಣ್ಣಾರೆ ಕಂಡ ಒಂದೇ ತೊಡಕನ್ನು ಹಿಡಿಯಿರಿ. ಅವರ ಮೂರು ಪ್ಯಾಕೆಟ್ ಕೊಂಡು, ಅಂಗಡಿಯಲ್ಲಿ ಜೋಡಿಸುವಂತೆ ಡಬ್ಬದಲ್ಲಿ ಒತ್ತೊತ್ತಾಗಿ ನಿಲ್ಲಿಸಿ. ಎರಡು ಹೆಜ್ಜೆ ಹಿಂದೆ ಸರಿದು ನೋಡಿದರೆ ಕಾಣುವುದು ಮೇಲಿನ ಅಂಚು ಮಾತ್ರ. ಪುಡಿಯ ಹೆಸರು ಮಧ್ಯದಲ್ಲಿದ್ದು ಮೂರೂ ಒಂದೇ ಕೆಂಪು ಬಣ್ಣದಲ್ಲಿದ್ದರೆ, ಮೆಣಸಿನಕಾಯಿ ಯಾವುದು, ಕೊತ್ತಂಬರಿ ಯಾವುದು ಗೊತ್ತಾಗುವುದಿಲ್ಲ. ಅದರ ಫೋಟೊ ತೆಗೆಯಿರಿ. ಇಮೇಲ್ ಹೀಗಿರಲಿ:

> ವಿಷಯ: ಡಬ್ಬದಲ್ಲಿಟ್ಟಾಗ ನಿಮ್ಮ ಮೆಣಸಿನಕಾಯಿ ಮತ್ತು ಕೊತ್ತಂಬರಿ ಪ್ಯಾಕೆಟ್
>
> ನಮಸ್ಕಾರ. ನಾನು ಆಹಾರದ ಪ್ಯಾಕೆಟ್‌ಗಳಿಗೆ ವಿನ್ಯಾಸ ಮಾಡುತ್ತೇನೆ. ನಿಮ್ಮ ಮೂರು ಪುಡಿಗಳನ್ನು ಕೊಂಡು ಸಾಲಾಗಿ ಇಟ್ಟು ನೋಡಿದೆ, ಫೋಟೊ ಕೆಳಗಿದೆ. ಮೇಲಿನ ಅಂಚಿನಲ್ಲಿ ನಿಮ್ಮ ಗುರುತು ಮಾತ್ರ ಕಾಣುತ್ತಿದೆ, ಪುಡಿಯ ಹೆಸರು ಮುಚ್ಚಿಹೋಗುತ್ತಿದೆ.
>
> ನಿಮ್ಮ ಕೆಂಪು ಬಣ್ಣ, ಗುರುತು, ಚಿತ್ರ ಯಾವುದನ್ನೂ ಮುಟ್ಟದೆ ಹೆಸರನ್ನಷ್ಟೇ ಮೇಲಕ್ಕೆ ತಂದರೆ ಹೇಗೆ ಕಾಣುತ್ತದೆ ಎಂದು ಒಂದು ಪ್ಯಾಕೆಟ್‌ಗೆ ಮಾಡಿ ತೋರಿಸಬಲ್ಲೆ. ಈಗಿರುವ ರೋಲ್ ಮುಗಿದು ಮುಂದಿನ ಮುದ್ರಣ ಬಂದಾಗ ಬದಲಿಸಿದರೆ ಸಾಕು.
>
> ಮುಂದಿನ ಮುದ್ರಣ ಸುಮಾರು ಯಾವಾಗ ಎಂದು ತಿಳಿಸುವಿರಾ?

ಇಲ್ಲಿ ಕೆಲಸ ಮಾಡುವುದು "ಮುಟ್ಟದೆ" ಮತ್ತು "ರೋಲ್ ಮುಗಿದು" ಎಂಬ ಎರಡು ಮಾತು. ಕೊನೆಯ ಪ್ರಶ್ನೆಗೆ ಒಂದೇ ಸಾಲಿನಲ್ಲಿ ಉತ್ತರಿಸಬಹುದು. "ಅರ್ಧ ಗಂಟೆ ಮಾತಾಡೋಣವೇ" ಎಂದು ಕೇಳಿದರೆ ಅಷ್ಟು ಸುಲಭವಾಗಿ ಒಪ್ಪುವುದಿಲ್ಲ.

ಒಂದೇ ಸಿಲಿಂಡರ್ ಬದಲಿಸಿದರೆ ಸಾಕು ಎಂದು ಮಾತ್ರ ಬರೆದುಕೊಡಬೇಡಿ. ಅದು ಹೆಸರನ್ನು ಹೇಗೆ ಮುದ್ರಿಸಿದ್ದಾರೆ ಎಂಬುದರ ಮೇಲಿದೆ. ಕೆಂಪಿನ ಮೇಲೆ ಕಪ್ಪು ಅಕ್ಷರ ಒತ್ತಿದ್ದರೆ ಕಪ್ಪಿನ ಸಿಲಿಂಡರ್ ಒಂದೇ ಬದಲಾಗಬಹುದು. ಕೆಂಪಿನಲ್ಲಿ ಜಾಗ ಬಿಟ್ಟು ಬಿಳಿ ಅಕ್ಷರ ಮೂಡಿಸಿದ್ದರೆ ಕೆಂಪಿನ ಸಿಲಿಂಡರನ್ನೇ ಮತ್ತೆ ಕೊರೆಸಬೇಕು. ಮುದ್ರಕರನ್ನು ಕೇಳದೆ ಹೇಳಿದ ಮಾತು ಮುಂದೆ ನಿಮ್ಮ ತಲೆಗೇ ಬರುತ್ತದೆ. ಹೆಸರನ್ನು ಮೇಲಕ್ಕೆ ತರುವಾಗ ಸೀಲ್ ಬೀಳುವ ಪಟ್ಟಿಯೊಳಗೆ ತಳ್ಳಬೇಡಿ, ಅಲ್ಲಿ ಅಕ್ಷರ ನೆರಿಗೆಯಲ್ಲಿ ಒಡೆದುಹೋಗುತ್ತದೆ.

ಫೋಟೊವನ್ನು ಇಮೇಲ್‌ನ ಒಳಗೇ, ಚಿಕ್ಕದಾಗಿ ಹಾಕಿ. ಅಪರಿಚಿತರು ಕಳಿಸಿದ ದೊಡ್ಡ ಪಿಡಿಎಫ್ ತೆರೆಯಲು ಯಾರೂ ಹೋಗುವುದಿಲ್ಲ. ಹಿಂದಿನ ಕೆಲಸಕ್ಕೆ ಒಂದು ಲಿಂಕ್ ಸಾಕು, ಅದೂ ಸಹಿಯ ಕೆಳಗೆ. ವಾರ ಕಳೆದರೂ ಸುದ್ದಿಯಿಲ್ಲದಿದ್ದರೆ ಅದೇ ಇಮೇಲ್‌ಗೆ ಎರಡು ಸಾಲು ಸೇರಿಸಿ ಮತ್ತೊಮ್ಮೆ ಕಳಿಸಿ. ಅಲ್ಲಿಗೆ ಬಿಟ್ಟುಬಿಡಿ.

ಉತ್ತರ ಬಂದರೆ ಬಹುಪಾಲು "ಎಷ್ಟಾಗುತ್ತದೆ?" ಎಂದಷ್ಟೇ ಇರುತ್ತದೆ. ಆಗ ಕುರುಡಾಗಿ ಮೊತ್ತ ಹೇಳದೆ, ಎಷ್ಟು ಪುಡಿ, ಪ್ರತಿಯೊಂದಕ್ಕೆ ಎಷ್ಟು ಅಳತೆಯ ಪ್ಯಾಕೆಟ್, ಈಗಿನ ಮುದ್ರಣದ ಮೂಲ ಫೈಲ್ ಅವರ ಬಳಿ ಇದೆಯೋ ಮುದ್ರಕರ ಬಳಿಯೋ ಎಂದು ಕೇಳಿ. ಫೈಲ್ ಸಿಗದಿದ್ದರೆ ಎಲ್ಲವನ್ನೂ ಹೊಸದಾಗಿ ಬರೆದುಕೊಳ್ಳಬೇಕಾಗುತ್ತದೆ, ದರದಲ್ಲಿ ದೊಡ್ಡ ವ್ಯತ್ಯಾಸ ಬರುವುದು ಅಲ್ಲೇ.